ಹೈಪೊ ಟೀಚರು

ನಾನು ಗಾಜಿನ ಸಾಮಾನು ತೊಳೆಯುತ್ತಿದ್ದ ಕಾಲೇಜಿನ ಲ್ಯಾಬಿನಲ್ಲಿ ಒಬ್ಬ ಟೀಚರಿದ್ದರು. ಹೈಪೊ ಎಂಬ ಉಪ್ಪಿನ ಹರಳಿನ ಪ್ರಯೋಗವೆಂದರೆ ಪ್ರಾಣ, ಹಾಗಾಗಿ ಹೈಪೊ ಟೀಚರೆಂದೇ ಹೆಸರು. ಕೆಲಸ ಕಾಯಂ ಮಾಡುವ ಮೊದಲು ಅವರ ಪಾಠ ನೋಡಲು ವಿಭಾಗದ ಹೆಡ್ ಬಂದರು.

"ಎಂಟ್ರೊಪಿ ಅಂದ್ರೆ ಅಸ್ತವ್ಯಸ್ತ. ಅಷ್ಟು ಹೇಳಿದ್ರೆ ಸಾಕಮ್ಮ, ತಲೆ ತಿನ್ಬೇಡಿ," ಎಂದರು.

ಟೀಚರು ಸೀಸೆಯಲ್ಲಿ ಕರಗಿಸಿ ಆರಿಸಿಟ್ಟಿದ್ದ ಹೈಪೊಗೆ ಒಂದು ಹರಳು ಹಾಕಿದರು. ನೀರಿನಂತಿದ್ದುದು ಕಣ್ಣೆದುರೇ ಸಾಲುಸಾಲಾಗಿ ಹರಳುಗಟ್ಟಿತು.

"ಇಲ್ಲಿ ಎಲ್ಲ ಒಪ್ಪವಾಯ್ತಲ್ಲ ಸಾರ್, ಆದ್ರೂ ಒಟ್ಟು ಎಂಟ್ರೊಪಿ ಹೆಚ್ಚಿದೆ. ಒಳಗಿದ್ದ ಶಕ್ತಿ ಬಿಸಿಯಾಗಿ ಸುತ್ತ ಹರಡ್ತಿದೆ, ಹಾಗೆ ಹರಡೋದನ್ನೇ ಎಂಟ್ರೊಪಿ ಅಳೆಯೋದು. ಮುಟ್ಟಿ ನೋಡಿ."

"ನನಗೇ ಪಾಠ ಹೇಳ್ತೀರಾ? ನಾಳೆಯಿಂದ ಬರ್ಬೇಡಿ!" ಕಟ್ಟಿದ ಕೈ ಬಿಚ್ಚದೆಯೇ ಹೆಡ್ ಹೊರಟರು.

ತೊಳೆಯಲೆಂದು ನಾನು ಆ ಸೀಸೆ ಎತ್ತಿಕೊಂಡೆ. ಬಿಸಿ ನನ್ನ ಅಂಗೈಗೂ ಹರಡಿತು. ಟೀಚರು ಸುಳ್ಳು ಹೇಳಿರಲಿಲ್ಲ.