ಚೀಟಿಯಮ್ಮನ ಶನಿವಾರದ ಪುಟ

ಆ ಆಸ್ಪತ್ರೆಯ ಔಷಧಿ ಉಗ್ರಾಣ ನೆಲಮಾಳಿಗೆಯಲ್ಲಿತ್ತು. ಮೇಲಿನ ಐದು ಮಹಡಿಗಳಲ್ಲಿ ಯಾರು ಯಾವ ಮಾತ್ರೆ ನುಂಗಿದರೂ ಅದು ಮೊದಲು ಇಲ್ಲಿಂದಲೇ ಮೇಲೇರಬೇಕು. ಅಲ್ಲಿ ಹದಿನಾಲ್ಕು ವರ್ಷದಿಂದ ಫಾರ್ಮಸಿಸ್ಟ್ ಆಗಿದ್ದ ಹೆಂಗಸಿಗೆ ತಾಯಿತಂದೆ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದಿತ್ತು. ಎಲ್ಲರ ಬಾಯಲ್ಲೂ ಅವಳು ಚೀಟಿಯಮ್ಮ. ಕಂಡಲ್ಲೆಲ್ಲ ಚೀಟಿ ಬರೆದು ಅಂಟಿಸುವುದು ಅವಳ ಸ್ವಭಾವ. ಬಾಗಿಲ ಮೇಲೆ ‘ತಳ್ಳಿ, ಎಳೆಯಬೇಡಿ’. ಫ್ಯಾನಿನ ಸ್ವಿಚ್ಚಿನ ಮೇಲೆ ‘ಮೂರಕ್ಕಿಂತ ಜಾಸ್ತಿ ಬೇಡ, ಕಾಗದ ಹಾರುತ್ತೆ’. ಡ್ರೈವಿಂಗ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಅವಳ ಗಂಡ, “ಮದುವೆಯಾಗಿ ಹದಿನೆಂಟು ವರ್ಷ ಆಯ್ತು, ನನ್ನ ಬೆನ್ನಿಗೆ ಇನ್ನೂ ಅಂಟಿಸಿಲ್ಲ, ಅದೇ ನನ್ನ ಪುಣ್ಯ” ಎನ್ನುತ್ತಿದ್ದ.

ಅವಳ ಜೊತೆಗಿದ್ದವನು ಉಗ್ರಾಣದ ಉದ್ದಣ್ಣ. ಏಣಿಯಿಲ್ಲದೆ ಮೇಲಿನ ಕಪಾಟಿಗೆ ಕೈ ತಲುಪುತ್ತಿದ್ದ ಮನುಷ್ಯ; ಮಾತು ಕಡಿಮೆ, ಪೆಟ್ಟಿಗೆಗಳ ಮೇಲೆ ಪ್ರೀತಿ ಜಾಸ್ತಿ.

ಇಬ್ಬರ ಮೇಲೂ ಒಬ್ಬರು ಮುಖ್ಯಸ್ಥರಿದ್ದರು. ಅವರ ಕೋಣೆ ಎರಡನೇ ಮಹಡಿಯಲ್ಲಿ, ಕಿಟಕಿ ಸಮೇತ. ಕೆಟ್ಟವರು ಅಂತ ಯಾರೂ ಹೇಳುವಂತಿರಲಿಲ್ಲ. ರಜೆ ಕೇಳಿದರೆ ಕೊಡುತ್ತಿದ್ದರು, ಯಾರ ಮನೆಯಲ್ಲಾದರೂ ಹುಷಾರಿಲ್ಲವೆಂದರೆ ಫೋನ್ ಮಾಡಿ ವಿಚಾರಿಸುತ್ತಿದ್ದರು. ಒಂದೇ ತೊಂದರೆ, ಅವರ ವಾಕ್ಯಗಳೆಲ್ಲ ‘ನಾನು’ ಎಂದೇ ಶುರುವಾಗುತ್ತಿದ್ದವು. ಲಿಫ್ಟ್ ರಿಪೇರಿಯಾದರೆ “ನಾನು ಸರಿ ಮಾಡಿಸಿದೆ”. ಸೆಕೆ ಕಡಿಮೆಯಾದರೆ “ನಾನು ಹೇಳಿದ್ದೆನಲ್ಲ”. ಹೀಗಾಗಿ ಆಸ್ಪತ್ರೆಯಲ್ಲಿ ಅವರಿಗೆ ‘ನಾನಪ್ಪನವರು’ ಎಂದು ಹೆಸರು ಬಿದ್ದಿತ್ತು, ಅವರ ಕಿವಿಗೆ ಬೀಳದ ಹಾಗೆ.

ಆ ವರ್ಷ ಉಗ್ರಾಣದಲ್ಲಿ ಒಂದು ಒಳ್ಳೆಯ ಕೆಲಸ ನಡೆಯಿತು. ಪ್ರತಿ ತಿಂಗಳೂ ಅವಧಿ ಮುಗಿದ ಔಷಧಿಗಳನ್ನು ಪೆಟ್ಟಿಗೆಗಟ್ಟಲೆ ಎಸೆಯಬೇಕಾಗುತ್ತಿತ್ತು. ಒಂದು ವಾರ್ಡಿನಲ್ಲಿ ಯಾರಿಗೂ ಬೇಡವಾಗಿ ಕೂತ ಔಷಧಿಯೇ ಇನ್ನೊಂದು ವಾರ್ಡಿನಲ್ಲಿ ಸಿಗದೆ ಒದ್ದಾಟ. ಚೀಟಿಯಮ್ಮ ಮತ್ತು ಉದ್ದಣ್ಣ ಸೇರಿ ಪ್ರತಿ ಪೆಟ್ಟಿಗೆಗೂ ಬಣ್ಣದ ಚೀಟಿ ಅಂಟಿಸಿದರು. ಮೂರು ತಿಂಗಳೊಳಗೆ ಅವಧಿ ಮುಗಿಯುವುದಕ್ಕೆ ಕೆಂಪು, ಆರು ತಿಂಗಳೊಳಗೆ ಹಳದಿ, ಮಿಕ್ಕದ್ದಕ್ಕೆ ಹಸಿರು. ಕೆಂಪು ಯಾವಾಗಲೂ ಕಪಾಟಿನ ಮುಂದೆ. ವಾರಕ್ಕೊಮ್ಮೆ ಕೆಂಪಿನ ಪಟ್ಟಿ ಮಾಡಿ, ಖರ್ಚಾಗದ ವಾರ್ಡಿನಿಂದ ಖರ್ಚಾಗುವ ವಾರ್ಡಿಗೆ ದಾಟಿಸುವುದು. ಆರು ತಿಂಗಳಲ್ಲಿ ಎಸೆಯುವ ಪೆಟ್ಟಿಗೆಗಳು ಒಂಬತ್ತರಿಂದ ಎರಡಕ್ಕೆ ಇಳಿದವು.

ನಾನಪ್ಪನವರು ಕೇಳಿದರೆಂದು ಚೀಟಿಯಮ್ಮ ಇದನ್ನೆಲ್ಲ ಕಂಪ್ಯೂಟರಿನಲ್ಲಿ ಹನ್ನೆರಡು ಪುಟ ಮಾಡಿ ಕಳಿಸಿದಳು. ‘ನಾವು ಹೀಗೆ ಯೋಚಿಸಿದೆವು, ನಾವು ಹೀಗೆ ಮಾಡಿದೆವು’ ಎಂದು ಬರೆದಿದ್ದಳು.

ಎರಡು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಔಷಧಿ ಮಾದರಿಗಳನ್ನು ತೋರಿಸಲು ಐದನೇ ಮಹಡಿಯ ಸಭಾಂಗಣಕ್ಕೆ ತರಬೇಕೆಂದು ಕರೆ ಬಂತು. ತಟ್ಟೆ ಹಿಡಿದು ಬಾಗಿಲು ತೆರೆದಳು. ನಿರ್ದೇಶಕಿ, ವೈದ್ಯರು, ಆಡಳಿತದವರು ಎಲ್ಲ ಕೂತಿದ್ದರು; ಮುಂದೆ ನಿಂತು ನಾನಪ್ಪನವರು ವಿವರಿಸುತ್ತಿದ್ದರು. ಗೋಡೆಯ ಮೇಲೆ ಅವಳದೇ ಪುಟ, ಅವಳದೇ ಬಣ್ಣ. ಒಂದು ಪದ ಮಾತ್ರ ಬದಲಾಗಿತ್ತು. ‘ನಾವು’ ಇದ್ದಲ್ಲೆಲ್ಲ ‘ನಾನು’. ಕಂಪ್ಯೂಟರಿಗೆ ಒಂದೇ ಏಟಿಗೆ ಬದಲಿಸು ಎಂದು ಹೇಳಿರಬೇಕು. ಕ್ರಿಯಾಪದಗಳ ಕಡೆಗೆ ಯಾರೂ ನೋಡಿರಲಿಲ್ಲ. ಹೀಗಾಗಿ ಗೋಡೆಯ ಮೇಲೆ ಇಷ್ಟು ದಪ್ಪ ಅಕ್ಷರದಲ್ಲಿ, ‘ನಾನು ಹೀಗೆ ಯೋಚಿಸಿದೆವು. ನಾನು ಹೀಗೆ ಮಾಡಿದೆವು.’

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಟ್ಟೆ ಇಟ್ಟು ಬಂದಳು.

ನೆಲಮಾಳಿಗೆಗೆ ಬಂದವಳೇ ಉದ್ದಣ್ಣನ ಮುಂದೆ ಬುಸುಗುಟ್ಟಿದಳು. “ನೋಡಿ ಉದ್ದಣ್ಣ, ನನ್ನ ಕೆಲಸ, ನನ್ನ ಯೋಚನೆ! ಹಾಡುಹಗಲೇ ಎತ್ಕೊಂಡು ಹೋಗಿ ತಮ್ಮದು ಅಂತ ತೋರಿಸ್ತಾ ಇದಾರೆ!”

ಉದ್ದಣ್ಣ ಪೆಟ್ಟಿಗೆ ಕೆಳಗಿಟ್ಟ. “ಬಣ್ಣದ ಚೀಟಿ ಯಾರ ಯೋಚನೆ ಮೇಡಂ?”

“ಅದು... ನಿಮ್ಮದೇ.”

“ಅವರಿಗೆ ಕಳಿಸಿದ್ರಲ್ಲ, ಆ ಹನ್ನೆರಡು ಪುಟದಲ್ಲಿ ನನ್ನ ಹೆಸರು ಎಲ್ಲಿತ್ತು?”

ಚೀಟಿಯಮ್ಮ ಕಂಪ್ಯೂಟರಿನಲ್ಲಿ ಆ ಪುಟಗಳನ್ನು ತೆರೆದು ನೋಡಿದಳು. ‘ನಾವು’ ಎಂದು ಬರೆದಿದ್ದಳು ನಿಜ. ಆದರೆ ಆ ನಾವು ಯಾರು ಎಂದು ಎಲ್ಲೂ ಬರೆದಿರಲಿಲ್ಲ. ಪುಟದ ಕೆಳಗೆ ಇದ್ದದ್ದು ಅವಳೊಬ್ಬಳ ಸಹಿ. ಉದ್ದಣ್ಣನಿಗೆ ಕೋಪವೇನೂ ಇದ್ದಂತೆ ಕಾಣಲಿಲ್ಲ. ಕೇಳಬೇಕಾದ್ದನ್ನು ಕೇಳಿ ಮತ್ತೆ ಪೆಟ್ಟಿಗೆ ಎತ್ತಿಕೊಂಡ. ಕೋಪ ಮಾಡಿಕೊಂಡಿದ್ದರೆ ಅವಳಿಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಭಾನುವಾರ ಅಕ್ಕನ ಮನೆಗೆ ಹೋದಳು. ಅಕ್ಕ ಮೂವತ್ತೊಂದು ವರ್ಷ ನರ್ಸ್ ಆಗಿದ್ದು ನಿವೃತ್ತಳಾದವಳು; ಇಂಥ ಮುಖ್ಯಸ್ಥರನ್ನು ಕಂತೆಗಟ್ಟಲೆ ನೋಡಿದವಳು. ಬಟ್ಟೆ ಮಡಚುತ್ತಲೇ ಕಥೆ ಕೇಳಿ, ತಂಗಿಯ ಕೈಗೂ ನಾಲ್ಕು ಟವೆಲ್ ಕೊಟ್ಟಳು.

“ನಿರ್ದೇಶಕಿ ಹತ್ರ ಹೋಗಿ ಹೇಳ್ಬಿಡ್ಲಾ ಅಕ್ಕ?”

“ಹೇಳು. ಆಮೇಲೆ? ಅವರು ಅವನನ್ನ ಕರೀತಾರೆ. ಅವನು ‘ಇಲಾಖೆ ಕೆಲಸ ಹೇಳಿದ್ದು ನಾನು, ತಪ್ಪೇನು’ ಅಂತಾನೆ. ನೀನು ಚಾಡಿ ಹೇಳಿದವಳಾಗ್ತೀಯ. ಮೊದಲು ಅವನ ಹತ್ರಾನೇ ಮಾತಾಡು, ಒಬ್ಬನೇ ಇದ್ದಾಗ. ಕದ್ರಿ ಅನ್ಬೇಡ. ಏನು ಬೇಕೋ ಅದನ್ನ ಕೇಳು.”

“ಇಲ್ಲ ಅಂದ್ರೆ?”

“ಅಂದ್ರೆ ಅನ್ಲಿ. ಮಾಡಿದ ಕೆಲಸ ಮಾಡಿದ ದಿನಾನೇ ನಾಲ್ಕು ಜನಕ್ಕೆ ಗೊತ್ತಾಗೋ ಹಾಗೆ ಮಾಡು. ಊರಿಗೆಲ್ಲ ಚೀಟಿ ಅಂಟಿಸ್ತೀಯ, ನಿನ್ನ ಕೆಲಸಕ್ಕೆ ಮಾತ್ರ ಅಂಟಿಸಲ್ವಲ್ಲೇ ಪೆದ್ದಿ!”

ಸೋಮವಾರ ಎರಡನೇ ಮಹಡಿಗೆ ಹೋದಳು. ಮೆಟ್ಟಿಲ ಮೇಲೆ ಅಭ್ಯಾಸ ಮಾಡಿಕೊಂಡಿದ್ದ ಮಾತು ಬಾಗಿಲ ಹತ್ತಿರ ಅರ್ಧ ಮರೆತುಹೋಯಿತು.

“ಸರ್, ಅವತ್ತಿನ ಸಭೇಲಿ ನಮ್ಮ ಕೆಲಸ ತೋರಿಸಿದ್ರಿ, ಸಂತೋಷ. ಆದ್ರೆ ಮಾಡಿದವರ ಹೆಸರು ಇರ್ಲಿಲ್ಲ. ಬೇಜಾರಾಯ್ತು. ಮುಂದಿನ ಸಲ ಹೆಸರು ಹಾಕ್ಬೇಕು. ಹತ್ತು ನಿಮಿಷ ನಾನೇ ಬಂದು ವಿವರಿಸ್ತೀನಿ. ಪ್ರಶ್ನೆ ಬಂದ್ರೆ ನಿಮಗೂ ಅನುಕೂಲ.”

ನಾನಪ್ಪನವರ ಮುಖ ಸಣ್ಣದಾಯಿತು. ಅವರಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. “ಅಲ್ಲಮ್ಮ, ಇಲಾಖೆ ಅಂದ್ರೆ ನಾನೇ ಅಲ್ವಾ? ನಮ್ಮ ಕಾಲದಲ್ಲಿ ನಮ್ಮ ಸಾಹೇಬರು ನನ್ನ ಕೆಲಸಾನೂ ಹೀಗೇ ಹೇಳ್ತಿದ್ರು. ನಾನೇನು ಬೇಜಾರು ಮಾಡ್ಕೊಂಡ್ನಾ?” ಎಂದವರು, ಒಂದು ಗಳಿಗೆ ತಡೆದು, “ಮಾಡ್ಕೊಂಡಿದ್ದೆ ಅನ್ಸುತ್ತೆ” ಎಂದರು. ಆದರೂ ಒಪ್ಪಲಿಲ್ಲ. “ಅಲ್ಲಿ ಜನ ಜಾಸ್ತಿಯಾದ್ರೆ ದೊಡ್ಡವರಿಗೆ ಇಷ್ಟ ಆಗಲ್ಲ. ನೋಡೋಣ.”

‘ನೋಡೋಣ’ ಎಂದರೆ ಏನೆಂದು ಆಸ್ಪತ್ರೆಯಲ್ಲಿ ಎಲ್ಲರಿಗೂ ಗೊತ್ತು. ಅದು ‘ಇಲ್ಲ’ ಎನ್ನುವುದರ ಮರ್ಯಾದೆಯ ರೂಪ.

ಆ ಶನಿವಾರದಿಂದ ಚೀಟಿಯಮ್ಮ ಒಂದು ಪುಟ ಬರೆಯಲು ಶುರುಮಾಡಿದಳು. ಮುಖ್ಯಸ್ಥರಿಗೆ ಮೇಲ್, ಕೆಂಪಿನ ಪಟ್ಟಿ ಹೇಗೂ ಬೇಕಾಗಿದ್ದ ವಾರ್ಡುಗಳ ಹಿರಿಯ ನರ್ಸ್‌ಗಳಿಗೆ ಅದರದೇ ಪ್ರತಿ. ಗುಟ್ಟು ಏನೂ ಇಲ್ಲ. ಪ್ರತಿ ಯಾರಿಗೆ ಹೋಗುತ್ತದೆ ಎಂದು ಮೊದಲೇ ಮುಖ್ಯಸ್ಥರಿಗೆ ಹೇಳಿದ್ದಳು. ಅದರಲ್ಲಿ ಹೊಗಳಿಕೆ ಇರುತ್ತಿರಲಿಲ್ಲ. ಈ ವಾರ ಏನು ಮಾಡಿದೆವು, ಅದರಿಂದ ಏನಾಯಿತು, ಯಾರು ಮಾಡಿದ್ದು, ಅಷ್ಟೇ. ‘ಮಕ್ಕಳ ವಾರ್ಡಿನ ಹದಿನೆಂಟು ಬಾಟಲಿ ಹೊರರೋಗಿ ವಿಭಾಗಕ್ಕೆ ಹೋಯಿತು, ಕಂಡುಹಿಡಿದದ್ದು ಉದ್ದಣ್ಣ.’ ‘ಅನುಮತಿ ತಂದದ್ದು ಮುಖ್ಯಸ್ಥರು.’ ಈ ಕೊನೆಯದನ್ನು ಮೊದಲ ಸಲ ಬರೆಯುವಾಗ ಅವಳು ಹಲ್ಲು ಕಚ್ಚಿಕೊಂಡಿದ್ದಳು. ಆದರೆ ಅದು ನಿಜ. ವಾರ್ಡಿನಿಂದ ವಾರ್ಡಿಗೆ ಔಷಧಿ ದಾಟಿಸಲು ಎರಡು ವರ್ಷದಿಂದ ಸಿಗದ ಅನುಮತಿಯನ್ನು ಮೇಲೆ ಹೋಗಿ ಜಗಳವಾಡಿ ತಂದವರು ಅವರೇ.

ನಾನಪ್ಪನವರಿಗೆ ಆ ಪುಟ ಮೊದಮೊದಲು ಹಿಡಿಸಲಿಲ್ಲ. ನಾಲ್ಕನೇ ವಾರ ತಡವಾದಾಗ ಮಾತ್ರ ತಾವೇ ಫೋನ್ ಮಾಡಿ, “ಏನಮ್ಮ, ಶನಿವಾರದ್ದು ಇನ್ನೂ ಬಂದಿಲ್ಲ?” ಎಂದರು. ತಮ್ಮ ಹೆಸರು ಬರುವ ಕಾಗದವನ್ನು ಅವರು ಎಂದೂ ತಪ್ಪಿಸಿಕೊಂಡವರಲ್ಲ.

ಮುಂದಿನ ಸಭೆಗೂ ಅವರು ಒಬ್ಬರೇ ಹೋದರು. ಅರ್ಧ ಗಂಟೆಯಲ್ಲಿ ನೆಲಮಾಳಿಗೆಯ ಫೋನ್ ಹೊಡೆದುಕೊಂಡಿತು.

“ಬೇಗ ಮೇಲೆ ಬಾಮ್ಮ. ಫ್ರಿಜ್ ಬಗ್ಗೆ ಕೇಳ್ತಿದಾರೆ.”

ಚೀಟಿಯಮ್ಮ ಎದ್ದಳು. ನಾಲ್ಕು ಹೆಜ್ಜೆ ಹೋದವಳು ತಿರುಗಿದಳು. “ಉದ್ದಣ್ಣ, ನೀವೂ ಬನ್ನಿ.”

“ನಾನ್ಯಾಕೆ ಮೇಡಂ? ಅಂಗಿ ನೋಡಿ, ಧೂಳು.”

“ಧೂಳೇ ಸಾಕ್ಷಿ. ಬನ್ನಿ.”

ಸಭಾಂಗಣದಲ್ಲಿ ನಾನಪ್ಪನವರು ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತಿದ್ದರು. ನಿರ್ದೇಶಕಿ ಕನ್ನಡಕ ತೆಗೆದು ಕೇಳಿದರು: “ತಂಪಿನಲ್ಲೇ ಇಡಬೇಕಾದ ಇಂಜೆಕ್ಷನ್‌ಗಳನ್ನೂ ಹೀಗೇ ವಾರ್ಡಿನಿಂದ ವಾರ್ಡಿಗೆ ದಾಟಿಸ್ತೀರಾ? ಮಧ್ಯೆ ತಂಪು ತಪ್ಪಿದ್ರೆ?”

“ದಾಟಿಸಲ್ಲ ಮೇಡಂ. ಒಮ್ಮೆ ವಾರ್ಡಿಗೆ ಹೋದ್ಮೇಲೆ ಅದು ಪೂರ್ತಿ ತಂಪಿನಲ್ಲೇ ಇತ್ತು ಅಂತ ನಾವು ಖಾತ್ರಿಯಾಗಿ ಹೇಳೋಕಾಗಲ್ಲ. ಅದಕ್ಕೇ ಅದನ್ನ ಉಗ್ರಾಣದಲ್ಲೇ ಇಟ್ಕೊಂಡು, ವಾರ್ಡಿಗೆ ಸ್ವಲ್ಪಸ್ವಲ್ಪವಾಗಿ ಕೊಡ್ತೀವಿ.”

“ಫ್ರಿಜ್ಜಿನ ತೇವಕ್ಕೆ ನಿಮ್ಮ ಚೀಟಿ ನಿಲ್ಲುತ್ತಾ?”

ಚೀಟಿಯಮ್ಮ ಪಕ್ಕಕ್ಕೆ ನೋಡಿದಳು. “ಅದನ್ನ ಇವರು ಹೇಳ್ತಾರೆ. ಬಣ್ಣದ ಚೀಟಿ ಮೊದಲಿಂದಲೂ ಇವರದೇ ಯೋಚನೆ.”

ಇಡೀ ಕೋಣೆ ತಲೆಯೆತ್ತಿ ಉದ್ದಣ್ಣನನ್ನು ನೋಡಿತು; ಅವನನ್ನು ನೋಡಲು ತಲೆ ಎತ್ತಲೇಬೇಕಿತ್ತು. ಅವನು ಗಂಟಲು ಸರಿಮಾಡಿಕೊಂಡ. “ಅಂಟಲ್ಲ ಮೇಡಂ, ಉದುರಿ ಹೋಗುತ್ತೆ. ಅದಕ್ಕೇ ತಟ್ಟೆಗೆ ಬಣ್ಣದ ಪ್ಲಾಸ್ಟಿಕ್ ಬಿಲ್ಲೆ ಕಟ್ಟಿದೀನಿ. ದಾರ ನಮ್ಮ ಮನೇದು.”

ಎಲ್ಲರೂ ನಕ್ಕರು. ಆ ಕ್ಷಣದಲ್ಲಿ ಚೀಟಿಯಮ್ಮನಿಗೆ ಮುಖ್ಯಸ್ಥರ ಕಡೆಗೊಂದು ಮುಳ್ಳು ಎಸೆಯುವ ಆಸೆ ಬಾಯಿತನಕ ಬಂತು. ನುಂಗಿಕೊಂಡು, ವಾರ್ಡಿನಿಂದ ವಾರ್ಡಿಗೆ ದಾಟಿಸುವ ಅನುಮತಿ ಸರ್ ತಂದಿದ್ದರಿಂದಲೇ ಇದೆಲ್ಲ ಆಯಿತೆಂದು ಹೇಳಿದಳು. ನಾನಪ್ಪನವರು ಕರವಸ್ತ್ರ ಜೇಬಿಗಿಟ್ಟರು.

ಮೂಲೆಯಲ್ಲಿ ಕೂತಿದ್ದ ಹಿರಿಯ ನರ್ಸ್ ಒಬ್ಬರು, “ನಮಗೆ ಇದು ಹೊಸದಲ್ಲ ಮೇಡಂ, ಪ್ರತಿ ಶನಿವಾರ ಇವರ ಪುಟ ಓದ್ತೀವಿ” ಎಂದರು. ನಿರ್ದೇಶಕಿ ತಮಗೂ ಒಂದು ಪ್ರತಿ ಬರಲಿ ಎಂದರು. ಮುಖ್ಯಸ್ಥರು ಚೀಟಿಯಮ್ಮನಿಗಿಂತ ಮೊದಲೇ “ಆಗಲಿ ಮೇಡಂ” ಎಂದುಬಿಟ್ಟರು.

ಅಲ್ಲಿಂದ ಮುಂದೆ ಸಭೆಗೆ ಹತ್ತು ನಿಮಿಷ ಅವಳದಾಯಿತು. ನಾನಪ್ಪನವರು ಪೂರ್ತಿ ಬದಲಾದರು ಎಂದರೆ ಸುಳ್ಳಾಗುತ್ತದೆ. “ನನ್ನ ತಂಡ” ಎನ್ನಲು ಕಲಿತರು, ‘ನನ್ನ’ ಎನ್ನುವುದನ್ನು ಸ್ವಲ್ಪ ಒತ್ತಿಯೇ ಹೇಳುತ್ತಿದ್ದರು. ಹೆಸರು ಕಂಡದ್ದರಿಂದ ಇವರಿಬ್ಬರಿಗೂ ಲಾಭವೇ ಆಯಿತೆಂದೂ ಅಲ್ಲ. ಮೊದಲು ಎರಡನೇ ಮಹಡಿಗೆ ಹೋಗುತ್ತಿದ್ದ ತಕರಾರುಗಳೆಲ್ಲ ಈಗ ನೇರವಾಗಿ ಉಗ್ರಾಣದ ಫೋನಿಗೇ ಬರತೊಡಗಿದವು.

ವರ್ಷದ ಕೊನೆಗೆ ಉದ್ದಣ್ಣನ ಕೆಲಸದ ವರದಿ ಬರೆಯುವುದು ಚೀಟಿಯಮ್ಮನ ಪಾಲಿಗೆ ಬಂತು. ಹಿಂದೆಲ್ಲ ‘ತೃಪ್ತಿಕರ’ ಎಂದು ಒಂದೇ ಪದ ಬರೆದು ಮುಗಿಸುತ್ತಿದ್ದಳು. ಈ ಸಲ ಒಂದೂವರೆ ಪುಟ ಬರೆದಳು. ಯಾವ ತಿಂಗಳು ಏನು ಮಾಡಿದ, ಅದರಿಂದ ಯಾವ ವಾರ್ಡಿಗೆ ಏನು ಉಳಿಯಿತು, ಎಲ್ಲ ಇತ್ತು. ಸಹಿ ಹಾಕುವ ಮೊದಲು ಓದಲು ಅವನ ಕೈಗೆ ಕೊಟ್ಟಳು. ಅವನು ಕಪಾಟಿಗೆ ಒರಗಿ ನಿಂತು, ಬೆರಳಿಟ್ಟು ಸಾಲು ಸಾಲಾಗಿ, ಎರಡು ಸಲ ಓದಿದ.

“ತಪ್ಪೇನಾದ್ರೂ ಇದೆಯಾ?”

“ತಪ್ಪಿಲ್ಲ ಮೇಡಂ.” ಕಾಗದ ಮಾತ್ರ ವಾಪಸ್ ಕೊಡಲಿಲ್ಲ. “ಇದರದ್ದೊಂದು ಪ್ರತಿ ಸಿಗುತ್ತಾ? ಮನೇಲಿ ಇವಳು, ‘ದಿನವಿಡೀ ನೆಲಮಾಳಿಗೇಲಿ ಏನ್ರೀ ಮಾಡ್ತೀರಿ’ ಅಂತ ಇಪ್ಪತ್ತು ವರ್ಷದಿಂದ ಕೇಳ್ತಾನೇ ಇದಾಳೆ.”