ನಾನು ಹಾಕಿದ ಒಂದು ‘ನಾಟ್’

ನಾನು ಅನುಮಾನದ ಹೆಂಗಸು. ಇದನ್ನು ನಮ್ಮ ಮನೆಯವರು ಚೇಷ್ಟೆಗೆ ಹೇಳುತ್ತಾರೆ, ನಾನು ಗಂಭೀರವಾಗಿ ಒಪ್ಪಿಕೊಳ್ಳುತ್ತೇನೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಗೇಟಿನವರೆಗೆ ಹೋಗಿ ವಾಪಸ್ ಬರುವುದು, ತರಕಾರಿಯವನು ತೂಗುವಾಗ ತಕ್ಕಡಿಯ ಕೆಳಗೆ ಬಗ್ಗಿ ನೋಡುವುದು ನನಗೆ ಉಸಿರಾಡಿದಷ್ಟೇ ಸಹಜ. ನೌಕರಿಯೂ ಅಂಥದ್ದೇ ಸಿಕ್ಕಿತು. ಹೊಸಪೇಟೆಯ ಒಂದು ಸಣ್ಣ ಕಚೇರಿ. ಸಂಡೂರು, ವಡ್ಡು ಕಡೆಯ ಕಾರ್ಖಾನೆಗಳಿಗೆ ಬೇಕಾದ ಕೆಲಸಗಾರರನ್ನು ಹುಡುಕಿ ಕಳಿಸುವುದು ನಮ್ಮ ಉದ್ಯೋಗ. ಬಯೋಡಾಟಾದಲ್ಲಿ ಹತ್ತು ವರ್ಷ ಅನುಭವ ಎಂದು ಬರೆದವರ ವಯಸ್ಸು ನೋಡಿ ಲೆಕ್ಕ ಹಾಕುವವಳು ನಾನು.

ಕಚೇರಿಯಲ್ಲಿ ಹುಡುಕುವವರು ಇಬ್ಬರೇ, ನಾನು ಮತ್ತು ದರೋಜಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ನನ್ನ ಸಹೋದ್ಯೋಗಿ. ಐವತ್ತರ ಆಸುಪಾಸಿನ ಮನುಷ್ಯ. ಹಿಂದೆ ಒಂದು ಗಣಿಯ ಟೈಂ ಆಫೀಸಿನಲ್ಲಿ ಕೂಲಿಯವರ ಹಾಜರಿ ಬರೆದುಕೊಂಡಿದ್ದವರು. ಗಣಿ ನಿಂತ ಮೇಲೆ ನಮ್ಮಲ್ಲಿಗೆ ಬಂದಿದ್ದರು. ಉದ್ಯೋಗ ಪೋರ್ಟಲ್ಲಿಗೆ ಇಬ್ಬರಿಗೂ ಸೇರಿ ಒಂದೇ ಲಾಗಿನ್. ಕೆಲಸ ಹುಡುಕುವವರು ತಮ್ಮ ಬಯೋಡಾಟಾ ಅಲ್ಲಿ ಹಾಕಿರುತ್ತಾರೆ, ನಮ್ಮಂಥವರು ಪದ ಕೊಟ್ಟು ಹುಡುಕುತ್ತೇವೆ. ನಾನು ಒಂದು ಹುಡುಕಾಟ ಮಾಡಿ ಉಳಿಸಿಟ್ಟರೆ ಅವರೂ ಅದನ್ನೇ ತೆರೆದು ಮುಂದುವರಿಸಬೇಕು. ಒಂದು ಬಚ್ಚಲನ್ನು ಇಬ್ಬರು ಬಾಡಿಗೆಯವರು ಹಂಚಿಕೊಂಡ ಹಾಗೆ.

ಆ ಸಲ ವಡ್ಡು ಬಳಿಯ ಒಂದು ಕಾರ್ಖಾನೆಯವರು ಕನ್ವೇಯರ್ ಬೆಲ್ಟ್ ವಲ್ಕನೈಸರ್‌ಗಳು ಬೇಕೆಂದರು. ಅದಿರು ಸಾಗಿಸುವ ಉದ್ದನೆಯ ರಬ್ಬರ್ ಬೆಲ್ಟು ಹರಿದಾಗ ಅದರ ಎರಡು ತುದಿಗಳನ್ನು ಪದರ ಪದರವಾಗಿ ಬಿಡಿಸಿ, ಒಂದರ ಮೇಲೊಂದು ಕೂಡಿಸಿ, ಕಾಯಿಸಿ ಒತ್ತಿ ಬೆಸೆಯುವವರು ಇವರು. ಅವರು ಬರುವ ತನಕ ಬೆಲ್ಟು ನಿಲ್ಲುತ್ತದೆ, ಬೆಲ್ಟು ನಿಂತರೆ ಕಾರ್ಖಾನೆಯೇ ನಿಲ್ಲುತ್ತದೆ.

ಹುದ್ದೆಯ ಹೆಸರನ್ನು ಪೂರ್ತಿಯಾಗಿ ಉದ್ಧರಣ ಚಿಹ್ನೆಯೊಳಗೆ ಇಟ್ಟು ಹುಡುಕಿದೆ. ಹಾಗೆ ಇಟ್ಟರೆ ಆ ಪದಗಳು ಅದೇ ಕ್ರಮದಲ್ಲಿ ಇದ್ದವರು ಮಾತ್ರ ಬರುತ್ತಾರೆ. ಬಂದವರು ನಾಲ್ಕೇ ಜನ. ಸಾಲದು ಎಂದು ಅದೇ ಕೆಲಸದ ಇತರ ಹೆಸರುಗಳನ್ನು ‘ಅಥವಾ’ ಎಂಬರ್ಥದ ‘ಆರ್’ ಹಾಕಿ ಸೇರಿಸಿದೆ: ವಲ್ಕನೈಸರ್ ಆರ್ ಬೆಲ್ಟ್ ಜಾಯಿಂಟರ್ ಆರ್ ಸ್ಪ್ಲೈಸಿಂಗ್ ಟೆಕ್ನಿಷಿಯನ್. ಕೊನೆಗೆ ಆ್ಯಂಡ್ ಕನ್ವೇಯರ್, ಅಂದರೆ ಕನ್ವೇಯರ್ ಎಂಬ ಪದವೂ ಇರಲೇಬೇಕು. ಪರದೆ ಉಕ್ಕಿ ಹರಿಯಿತು. ರಾಜ್ಯದಲ್ಲಿರುವ ಪಂಕ್ಚರ್ ಅಂಗಡಿಗಳವರೆಲ್ಲ ಬಂದು ನಿಂತರು. ಟೈರಿಗೆ ಬಿಸಿ ತೇಪೆ ಹಾಕುವವರೂ ವಲ್ಕನೈಸರ್‌ಗಳೇ ಅಲ್ಲವೇ. ನನಗೆ ರೇಗಿಹೋಯಿತು. ಬೇಡದ ಪದಗಳಿಗೆಂದೇ ಇರುವ ಖಾನೆಯಲ್ಲಿ ‘ನಾಟ್ ಟೈರ್’ ಎಂದು ಹೊಡೆದೆ, ಟೈರ್ ಎಂಬ ಪದ ಇದ್ದವರು ಯಾರೂ ಬೇಡ ಎಂದು. ಒಂದೇ ಏಟಿಗೆ ಪರದೆ ಸ್ವಚ್ಛವಾಯಿತು. ಖುಷಿಯಿಂದ ಉಳಿಸಿಟ್ಟೆ.

ಮಧ್ಯಾಹ್ನ ಸಹೋದ್ಯೋಗಿ ಅದನ್ನು ತೆರೆದು ನೋಡಿ ಕುರ್ಚಿ ನನ್ನ ಕಡೆ ಎಳೆದುಕೊಂಡರು.

“ಮೇಡಂ, ಇಲ್ಲಿ ಬ್ರಾಕೆಟ್ ಹಾಕಿಲ್ರಿ. ಅದು ಮೊದ್ಲು ಆ್ಯಂಡ್ ನೋಡ್ತೈತಿ, ಆಮ್ಯಾಲ ಆರ್. ಅಂದ್ರ ಕನ್ವೇಯರ್ ಅನ್ನೋ ಷರತ್ತು ಕಡೀ ಹೆಸರಿಗೆ ಅಷ್ಟ ಹತ್ತೈತಿ. ವಲ್ಕನೈಸರ್ ಅಂದವ್ರೆಲ್ಲ ಷರತ್ತಿಲ್ದ ಒಳಗ ಬಂದಾರ. ಹೆಸರೆಲ್ಲ ಒಂದು ಬ್ರಾಕೆಟ್‌ನಾಗ ಇಡ್ರಿ, ಅದರ ಹೊರಗ ಆ್ಯಂಡ್ ಕನ್ವೇಯರ್.”

ಇಟ್ಟೆ. ಮನಸ್ಸಿನೊಳಗೆ, ಇವರಿಗೆ ಇದೆಲ್ಲ ಯಾರು ಹೇಳಿಕೊಟ್ಟರು ಎಂದುಕೊಂಡೆ.

“ಈಗ ನಾಟ್ ಟೈರ್ ತೆಗೀರಿ. ಪಂಕ್ಚರ್ ಅಂಗಡಿಯವ್ರು ಕನ್ವೇಯರ್ ಅಂತ ಬರಿಯಂಗಿಲ್ಲ, ತಾವ ಬಿದ್ದು ಹೋಗ್ತಾರ. ನಮ್ಮ ಕಡೆ ಬೆಲ್ಟ್ ಕೆಲಸದವ್ರು ಭಾಳ ಮಂದಿ ಮೊದ್ಲು ಹಳೇ ಟೈರಿಗೆ ಹೊಸ ರಬ್ಬರ್ ಹಾಕೋ ರೀಸೋಲ್ ಅಂಗಡ್ಯಾಗ ರಬ್ಬರ್ ಕೆಲಸ ಕಲ್ತವ್ರು. ಅದನ್ನ ಬಯೋಡಾಟಾದಾಗ ತಪ್ಪದ ಬರೀತಾರ.”

“ಬೇಕಿದ್ರೆ ‘ಬ್ಲ್ಯಾಕ್ ಬೆಲ್ಟ್’ ತೆಗೀಬಹುದು,” ಎಂದೆ. ಬೆಳಿಗ್ಗೆ ಬೆಲ್ಟ್ ಎಂಬ ಒಂದೇ ಪದ ಹಿಡಿದು, ‘ಬ್ಲ್ಯಾಕ್ ಬೆಲ್ಟ್’ ಎಂಬ ಗುಣಮಟ್ಟದ ಪರೀಕ್ಷೆ ಪಾಸಾದ ಮ್ಯಾನೇಜರುಗಳೂ, ಒಬ್ಬ ಕರಾಟೆ ಮಾಸ್ತರರೂ ಬಂದಿದ್ದರು.

“ಅದು ತೆಗೀರಿ, ಎರಡೂ ಪದ ಕೂಡಿಸಿ ಕೊಟೇಶನ್‌ನಾಗ ಇಟ್ಟು. ಅದರಿಂದ ಯಾರಿಗೂ ಪೆಟ್ಟಿಲ್ಲ. ಟೈರ್ ಬ್ಯಾಡ್ರಿ.”

ಟೈರ್ ಬಗ್ಗೆ ಇಷ್ಟು ಒತ್ತಾಯ ಯಾಕೆ? ಇವರ ಸಂಬಂಧಿಕರು ಯಾರಾದರೂ ಟೈರ್ ಅಂಗಡಿಯಲ್ಲಿರಬೇಕು, ಅವರನ್ನು ತೂರಿಸಲು ನೋಡುತ್ತಿದ್ದಾರೆ ಎಂದು ನನ್ನ ತಲೆ ಆಗಲೇ ತೀರ್ಪು ಕೊಟ್ಟುಬಿಟ್ಟಿತ್ತು. “ಆಯ್ತು, ನೋಡ್ತೀನಿ” ಎಂದೆ. ಬ್ಲ್ಯಾಕ್ ಬೆಲ್ಟನ್ನು ಸೇರಿಸಿದೆ, ಟೈರನ್ನು ತೆಗೆಯಲಿಲ್ಲ. ನನ್ನ ಹುಡುಕಾಟ ಯಾರೂ ಮುಟ್ಟಬಾರದು ಎಂದೂ ಹೇಳಿದೆ. ಅವರು ಮಾತು ಮೀರುವ ಮನುಷ್ಯರಲ್ಲ.

ಹನ್ನೊಂದು ಹೆಸರು ಕಳಿಸಿದೆವು. ವಾರ ಕಳೆದು ಕಾರ್ಖಾನೆಯ ಎಂಜಿನಿಯರ್ ಫೋನ್ ಮಾಡಿ ಹೇಳಿದ ಮಾತು ನನ್ನ ನಿದ್ದೆ ಕೆಡಿಸಿತು. ನಮ್ಮ ಊರಿನದೇ ಇನ್ನೊಂದು ಏಜೆನ್ಸಿಯವರು ನಮ್ಮ ಹನ್ನೊಂದೂ ಹೆಸರು ಕೊಟ್ಟಿದ್ದಾರೆ, ಜೊತೆಗೆ ಇನ್ನೂ ಒಂಬತ್ತು ಕೊಟ್ಟಿದ್ದಾರೆ. “ಅದೇ ಪೋರ್ಟಲ್ ಅಂತ್ರಿ ಮೇಡಂ. ನಿಮಗ್ಯಾಕ ಕಾಣಲಿಲ್ಲ?”

ನಮ್ಮ ಹನ್ನೊಂದೂ ಅವರ ಪಟ್ಟಿಯಲ್ಲಿ ಹೇಗೆ? ಪೋರ್ಟಲ್ ಒಂದೇ ಆದರೆ ಹೆಸರುಗಳೂ ಒಂದೇ ಎಂಬ ಸರಳ ಉತ್ತರ ನನಗೆ ಹೊಳೆಯಲಿಲ್ಲ. ಹೊಳೆದಿದ್ದರೂ ರುಚಿಸುತ್ತಿರಲಿಲ್ಲ. ನಾನು ಸಹೋದ್ಯೋಗಿಯ ಮೇಲೆ ಕಣ್ಣಿಟ್ಟೆ. ಕಣ್ಣಿಟ್ಟವಳಿಗೆ ಕಾಣುವುದಕ್ಕೆ ಬರವೇ? ದಿನಕ್ಕೆ ನಾಲ್ಕೈದು ಬಾರಿ ಮೊಬೈಲ್ ಹಿಡಿದು ಮೆಟ್ಟಿಲಿಗೆ ಹೋಗುತ್ತಿದ್ದರು. ಒಮ್ಮೆ ಕನ್ನಡ, ಒಮ್ಮೆ ತೆಲುಗು. ನೀರು ಕುಡಿಯುವ ನೆಪದಲ್ಲಿ ನಾನು ಬಾಗಿಲ ಹತ್ತಿರ ನಿಂತೆ. “ಬಯೋಡಾಟಾದಾಗ ಏನಂತ ಬರ್ದೀಯಪಾ? ಹಂಗೇನು? ಸರಿ, ಬರ್ಕಂಡೆ” ಎಂಬ ಮಾತು ಕೇಳಿಸಿತು. ಅವರ ಕಿಸೆಯಲ್ಲಿ ಒಂದು ಸಣ್ಣ ಪುಸ್ತಕ ಇರುತ್ತಿತ್ತು. ನಾನು ಹತ್ತಿರ ಹೋದರೆ ಮುಚ್ಚುತ್ತಿದ್ದರು. ಎದುರಿಗೆ ಯಾರಾದರೂ ಮಾತಾಡಲು ಬಂದರೆ ಯಾರೇ ಆಗಲಿ ಪುಸ್ತಕ ಮುಚ್ಚಿ ಅವರ ಮುಖ ನೋಡುತ್ತಾರೆ. ಅದನ್ನು ಈಗ ಹೇಳುತ್ತಿದ್ದೇನೆ. ಆಗ ನನಗೆ ಅದು ಕಳ್ಳನ ಲಕ್ಷಣವಾಗಿತ್ತು.

ಮಾಲೀಕರ ಹತ್ತಿರ ಹೋಗಿ ಹೇಳಿಬಿಟ್ಟೆ. ನಮ್ಮ ಹೆಸರುಗಳು ಆ ಏಜೆನ್ಸಿಗೆ ಹೋಗುತ್ತಿವೆ, ಯಾರಿಂದ ಎಂದು ನೀವೇ ಯೋಚಿಸಿ ಎಂದೆ. ಕಚೇರಿಯಲ್ಲಿ ಇರುವವರು ಇಬ್ಬರು, ಹೇಳುತ್ತಿರುವವಳು ನಾನು. ಯೋಚಿಸಲು ಉಳಿದದ್ದೇನು?

ಮಾಲೀಕರು ಲಾಗಿನ್ನಿನ ಪಾಸ್‌ವರ್ಡ್ ಬದಲಿಸಿ ನನಗೊಬ್ಬಳಿಗೇ ಕೊಟ್ಟರು. ಸಹೋದ್ಯೋಗಿಯನ್ನು ಕಾರ್ಖಾನೆಯ ಗೇಟಿಗೆ, ಆಯ್ಕೆಯಾದವರನ್ನು ವೈದ್ಯಕೀಯ ಪರೀಕ್ಷೆಗೆ ಕರೆದೊಯ್ಯುವ ಕೆಲಸಕ್ಕೆ ಹಾಕಿದರು. ಯಾಕೆ ಹೀಗೆ ಎಂದು ಸಹೋದ್ಯೋಗಿ ಯಾರನ್ನೂ ಕೇಳಲಿಲ್ಲ. ಕೇಳದಿದ್ದದ್ದು ನೋಡಿ ತಪ್ಪಿತಸ್ಥರೇ ಎಂದುಕೊಂಡೆ. ಹದಿನೈದು ದಿನಕ್ಕೆ ಕೆಲಸ ಬಿಟ್ಟರು. ಹೋಗುವ ದಿನ ನನ್ನ ಮೇಜಿನ ಮುಂದೆ ನಿಂತು “ಬರ್ತೀನ್ರಿ ಮೇಡಂ” ಎಂದರು. ನಾನು ಪರದೆಯಿಂದ ತಲೆ ಎತ್ತಲಿಲ್ಲ.

ಎರಡು ತಿಂಗಳಾಗಿರಬೇಕು. ಕಂಪ್ಲಿಯಿಂದ ಒಬ್ಬರು ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಫೈಲು, ಮುಂಗೈಯ ಮೇಲೆ ಹಳೇ ಸುಟ್ಟ ಗುರುತುಗಳು.

“ನಿಮ್ಮ ಆಫೀಸಿನವ್ರು, ಪೋರ್ಟಲ್‌ಗೆ ಬಯೋಡಾಟಾ ಹಾಕು, ಕರೀತೀವಿ ಅಂದಿದ್ರು. ಹಾಕಿ ಎಷ್ಟು ತಿಂಗಳಾತು, ಒಂದು ಫೋನ್ ಬರ್ಲಿಲ್ಲ. ಬ್ಯಾರೆ ಏಜೆನ್ಸಿಯವ್ರು ಕರದ್ರು, ಸೋಮವಾರ ವಡ್ಡಿನಾಗ ಕೆಲಸಕ್ಕ ಹೊಂಟೀನಿ. ಕೆಲಸ ಕೇಳಾಕ ಬಂದಿಲ್ರಿ. ನನ್ನ ಬಯೋಡಾಟಾದಾಗ ತಪ್ಪೇನೈತಿ ಅಂತ ಕೇಳಾಕ ಬಂದೆ. ನಮ್ಮ ತಮ್ಮನೂ ಇದ ಬೆಲ್ಟ್ ಕೆಲಸದಾಗ ಅದಾನ, ಅವ್ನಿಗರ ಸರಿ ಬರದು ಕೊಡ್ಬೇಕು.”

ಇವರು ಸುಳ್ಳು ಹೇಳುತ್ತಿದ್ದಾರೆ, ಹಾಕಿರುವುದೇ ಇಲ್ಲ ಎಂದುಕೊಂಡು ಉಳಿಸಿಟ್ಟ ಹುಡುಕಾಟ ತೆರೆದೆ. ಅವರ ಹೆಸರಿಲ್ಲ. ಅವರ ಮೊಬೈಲ್ ಸಂಖ್ಯೆ ಕೊಟ್ಟು ಹುಡುಕಿದೆ. ಇತ್ತು. ಬೆಲ್ಟ್ ಜಾಯಿಂಟರ್, ಕನ್ವೇಯರ್, ಹನ್ನೊಂದು ವರ್ಷ. ಎಲ್ಲ ಪದವೂ ಇತ್ತು. ಹಾಗಿದ್ದರೆ ಯಾಕೆ ಬರಲಿಲ್ಲ? ಕೆಳಗೆ ಇಳಿಯುತ್ತ ಹೋದೆ. ಕಟ್ಟಕಡೆಯ ಸಾಲಿನಲ್ಲಿ, ಮೊದಲ ಕೆಲಸ: ಟೈರ್ ರೀಸೋಲ್ ಅಂಗಡಿ, ಕಂಪ್ಲಿ, ಎರಡು ವರ್ಷ.

ನಾಟ್ ಎಂದರೆ ಆ ಪದ ಬಯೋಡಾಟಾದ ಯಾವ ಮೂಲೆಯಲ್ಲಿದ್ದರೂ ಮನುಷ್ಯ ಹೊರಗೆ. ಅವನು ಆಮೇಲೆ ಏನೇ ಆಗಿರಲಿ. ‘ನಾಟ್ ಟೈರ್’ ಎಂಬ ಎರಡು ಪದಗಳನ್ನು ಅಳಿಸಿ ಮತ್ತೆ ಹುಡುಕಿದೆ. ಹನ್ನೊಂದಿದ್ದದ್ದು ಇಪ್ಪತ್ತಾಯಿತು. ಒಂದೂ ಪಂಕ್ಚರ್ ಅಂಗಡಿ ಬರಲಿಲ್ಲ. ಬ್ರಾಕೆಟ್ಟಿನ ಹೊರಗಿದ್ದ ಕನ್ವೇಯರ್ ಅವರನ್ನೆಲ್ಲ ಮೊದಲೇ ತಡೆದಿತ್ತು.

“ನಿಮ್ಮದರಲ್ಲಿ ತಪ್ಪಿಲ್ಲ,” ಎಂದೆ ಕಂಪ್ಲಿಯವರಿಗೆ. “ತಪ್ಪು ನನ್ನದು.” ಅವರ ತಮ್ಮನ ಹೆಸರು ಬರೆದುಕೊಂಡೆ. ಹೋಗುವ ಮುಂಚೆ ಒಂದು ಪ್ರಶ್ನೆ ಕೇಳಿದೆ: ಆ ಏಜೆನ್ಸಿಯವರು ಫೋನ್ ಮಾಡಿದಾಗ ಏನು ಕೇಳಿದರು?

“ಭಾಳ ಚೊಲೋ ಮನುಷ್ಯಾರಿ. ನೀವು ನಿಮ್ಮ ಕೆಲಸಕ್ಕ ಏನಂತೀರಿ, ನಿಮ್ಮ ಜೊತಿಗಾರ್ರು ಏನಂತ ಬರೀತಾರ ಅಂತ ಕೇಳಿ ಕೇಳಿ ಬರ್ಕಂಡ್ರು. ಒಬ್ಬೊಬ್ಬ್ರು ಒಂದೊಂದು ಹೆಸರು ಬರೀತಾರ, ಎಲ್ಲಾ ಸಿಗಬೇಕಲ್ಲ ಅಂದ್ರು.”

ನಾನು ಬಾಗಿಲ ಹತ್ತಿರ ನಿಂತು ಕದ್ದು ಕೇಳಿದ್ದ ಪ್ರಶ್ನೆಯೇ ಅದು. ಮೆಟ್ಟಿಲ ಮೇಲಿನ ಫೋನುಗಳು ಅದಕ್ಕಾಗಿಯೇ ಇದ್ದವು. ಕಿಸೆಯ ಪುಸ್ತಕವೂ ಅದಕ್ಕೇ. ನನ್ನ ಹುಡುಕಾಟಕ್ಕೆ ಸೇರಿಸಲು ಸಹೋದ್ಯೋಗಿ ಆ ಕೆಲಸದ ಹೆಸರುಗಳನ್ನು ಕೂಡಿಹಾಕುತ್ತಿದ್ದರು, ನಾನು ಮುಟ್ಟಬೇಡಿ ಎಂದಿದ್ದ ಹುಡುಕಾಟಕ್ಕೆ.

ಮಾಲೀಕರಿಗೆ ಎಲ್ಲ ಹೇಳಿದೆ. ವಾಪಸ್ ಕರೀರಿ ಎಂದರು. ಸಂಜೆ ಸಹೋದ್ಯೋಗಿಗೆ ಫೋನ್ ಮಾಡಿದೆ. ನಾನು ದೂರು ಕೊಟ್ಟದ್ದು, ಯಾಕೆ ಕೊಟ್ಟದ್ದು, ಟೈರ್ ವಿಷಯ, ಎಲ್ಲ ಒದರಿದೆ.

“ನೀವ ಹೇಳಿದ್ದು ಅಂತ ನನಗ ಗೊತ್ತಿತ್ರಿ,” ಎಂದರು ಕೊನೆಗೆ. “ಅನುಮಾನ ಪಟ್ರಿ ಅಂತ ಬ್ಯಾಸರಿಲ್ಲ. ಎದುರಿಗೇ ಕುಂತಿರ್ತಿದ್ವಿ. ಒಂದು ಮಾತು ಕೇಳ್ಬೇಕಿತ್ತು.”

“ವಾಪಸ್ ಬರ್ರಿ. ಮಾಲೀಕರೇ ಹೇಳಿದ್ದಾರೆ.”

“ಆಗಂಗಿಲ್ರಿ ಮೇಡಂ. ಇಲ್ಲಿ ಚೊಲೋ ನೋಡ್ಕಂತಾರ.”

ಇಲ್ಲಿ ಎಂದರೆ ಎಲ್ಲಿ ಎಂದು ಕೇಳಿದೆ. ಅವರು ಹೇಳಿದರು. ಅವರು ಯಾವ ಏಜೆನ್ಸಿಗೆ ನಮ್ಮ ಹೆಸರುಗಳನ್ನು ದಾಟಿಸುತ್ತಿದ್ದಾರೆ ಎಂದು ನಾನು ಮಾಲೀಕರ ಕಿವಿ ಊದಿದ್ದೆನೋ, ಅದೇ ಏಜೆನ್ಸಿ. ಕಂಪ್ಲಿಯವರಿಗೆ ಫೋನ್ ಮಾಡಿದ ಚೊಲೋ ಮನುಷ್ಯರೂ ಇವರೇ.

“ನೀವು ಬಿಡಿಸಿದ ಮ್ಯಾಲ ಸೇರಿದ್ದು, ಮೊದ್ಲಲ್ಲ,” ಎಂದರು. ನಾನು ಕೇಳಿರಲಿಲ್ಲ. ಆದರೂ ಹೇಳಿದರು, ನನ್ನ ಸ್ವಭಾವ ಅವರಿಗೆ ಅಷ್ಟು ಗೊತ್ತಿತ್ತು.