ಮಣಿಕಟ್ಟಿನ ಮೇಲಿನ ದನಿ

ಭಾಲ್ಕಿಯ ಬುದ್ಧ ವಿಹಾರದ ಹಿಂದಿನ ಓಣಿಯಲ್ಲಿ ಕೌಸಲ್ಯಾಬಾಯಿಯ ರೊಟ್ಟಿ ಕೇಂದ್ರ ಇದೆ. ಕೇಂದ್ರ ಅಂದರೆ ಹಿತ್ತಿಲಿಗೆ ತಗಡು ಹೊದಿಸಿ ಮಾಡಿದ ಉದ್ದನೆಯ ಶೆಡ್ಡು, ಅದರೊಳಗೆ ಸಾಲಾಗಿ ಒಲೆಗಳು, ಒಲೆಗಳ ಮುಂದೆ ಓಣಿಯ ಹೆಂಗಸರು. ಖಾನಾವಳಿಗಳಿಗೆ, ಮದುವೆ ಮನೆಗಳಿಗೆ, ಬೀದರಿನ ಒಂದೆರಡು ಹಾಸ್ಟೆಲ್ಲುಗಳಿಗೆ ಇಲ್ಲಿಂದಲೇ ಜೋಳದ ರೊಟ್ಟಿ ಹೋಗುತ್ತದೆ. ಗಂಡ ಮಾಣಿಕ ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ತೂಕ ಮಾಡುವ ಕೆಲಸದವನು. ಬೆಳಗಿನ ರೈಲಿಗೆ ಹೋಗಿ ಸಂಜೆ ಬರುತ್ತಾನೆ. ಒಬ್ಬಳೇ ಮಗಳು ಮಾಯಾ. ಔರಾದಿನ ಕೈಲಾಶನಿಗೆ ಕೊಟ್ಟು ಎರಡನೆಯ ವರ್ಷ ನಡೆಯುತ್ತಿತ್ತು. ಅವಳು ಅಲ್ಲಿಯ ಒಂದು ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಕಲಿಸುತ್ತಾಳೆ.

ಸ್ಮಾರ್ಟ್ ವಾಚ್ ಕೊಡಿಸಿದ್ದು ಮಾಯಾನೇ. ರೊಟ್ಟಿ ತಟ್ಟುವವರ ಕೈ ಯಾವಾಗಲೂ ಹಿಟ್ಟಿನಲ್ಲೇ ಇರುತ್ತದೆ. ಹಾಗಿರುವಾಗಲೇ ಫೋನ್ ಎತ್ತಲು ಹೋಗಿ ಕೌಸಲ್ಯಾಬಾಯಿ ಒಂದನ್ನು ಎಸರಿನ ಪಾತ್ರೆಗೆ ಕೆಡವಿದ್ದಳು. "ಇದನ್ನ ಕೈಗಿ ಕಟ್ಕೋ ಅವ್ವಾ. ಫೋನ್ ಗ್ವಾಡಿ ಗೂಡಿನ್ಯಾಗ ಇರ್ಲಿ. ಕಾಲ್ ಬಂತಂದ್ರ ಹಸಿರು ಒತ್ತು, ಕೈ ಬಾಯಿ ಹತ್ರ ತಂದು ಮಾತಾಡು" ಎಂದು ಕಲಿಸಿ ಹೋಗಿದ್ದಳು. ಅಂದಿನಿಂದ ಕೌಸಲ್ಯಾಬಾಯಿ ಒಂದು ಬೆರಳ ತುದಿಯನ್ನು ಸೆರಗಿಗೆ ಒರೆಸಿಕೊಂಡು ಹಸಿರು ಒತ್ತುತ್ತಿದ್ದಳು. ಮಧ್ಯಾಹ್ನ ಶಾಲೆಯ ಬಿಡುವಿನಲ್ಲಿ ಮಾಯಾಳ ಕರೆ ಬಂದರೆ ಶೆಡ್ಡಿಗೆಲ್ಲ ಅವಳ ದನಿ ಕೇಳುತ್ತಿತ್ತು. ಹಿರಿಯಳಾದ ಹಲಬರ್ಗಾದ ಭೀಮಬಾಯಿ ತನ್ನ ಒಲೆಯ ಮುಂದಿನಿಂದಲೇ ಕೂಗುತ್ತಿದ್ದಳು: "ಮಾಯಾ, ನಮಗ ಪೇಡೆ ಯಾವಾಗ ತಿನ್ನಿಸ್ತಿ? ಮದುವಿ ಆಗಿ ವರ್ಷ ಆಯ್ತಲ್ಲ!" ಹೆಂಗಸರು ನಗುತ್ತಿದ್ದರು. ಆ ಕಡೆಯಿಂದ ಮಾಯಾನೂ ನಗುತ್ತಿದ್ದಳು.

ಶ್ರಾವಣ ಮುಗಿಯುವ ಹೊತ್ತಿಗೆ ವಾಚಿನ ದನಿ ಸಣ್ಣದಾಯಿತು. ಹಾಸ್ಟೆಲ್ಲಿನವರು "ಏನ್ರಿ ಅಕ್ಕಾ, ಬಾವ್ಯಾಗ ಕುಂತು ಮಾತಾಡ್ದಂಗ ಕೇಳ್ತದ" ಎಂದರು. ಅವರು ಹೇಳುವುದೂ ಇವಳಿಗೆ ಸರಿಯಾಗಿ ಕೇಳುತ್ತಿರಲಿಲ್ಲ. ಮಾಯಾಳ ದನಿಯಂತೂ ಇದ್ದೂ ಇಲ್ಲದಂತೆ. "ಜೋರಾಗಿ ಹೇಳವ್ವ, ಕೇಳ್ಸವಲ್ದು" ಎಂದರೆ "ಏನಿಲ್ಲ ಬಿಡವ್ವಾ" ಎಂದು ಕರೆ ಮುಗಿಸಿಬಿಡುತ್ತಿದ್ದಳು.

ಒಂದು ದಿನ ಹಿಟ್ಟು ನಾದಿಟ್ಟು, ಫೋನು, ವಾಚು ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಕೌಸಲ್ಯಾಬಾಯಿ ಬಸ್ ನಿಲ್ದಾಣದ ಎದುರಿನ ಮೊಬೈಲ್ ಅಂಗಡಿಗೆ ಹೋದಳು. ಅಂಗಡಿ ಲಾಲ ಅಹ್ಮದನದು. ರಿಪೇರಿಯ ಮೇಜಿನ ಹಿಂದೆ ಕೂರುವವಳು ಅವನ ಮಗಳು ಆಯೆಶಾ.

"ನಿಮ್ಮ ಆವಾಜ ಅವರಿಗಿ ಕೇಳ್ಸವಲ್ದೋ, ಅವರದು ನಿಮಗ ಕೇಳ್ಸವಲ್ದೋ?" ಎಂದು ಆಯೆಶಾ ಕೇಳಿದಳು.

"ಎರಡೂ."

"ಎರಡೂ ಬ್ಯಾರೆ ಬ್ಯಾರೆ ಅವ ಅಕ್ಕಾ. ಒಂದು ಮೈಕಿಂದು, ಒಂದು ಸ್ಪೀಕರಿಂದು."

ಮೊದಲು ಆಯೆಶಾ ಕೌಸಲ್ಯಾಬಾಯಿಯ ಫೋನಿನ ಬ್ಲೂಟೂತ್ ಬಂದ್ ಮಾಡಿ, ತನ್ನ ಫೋನಿನಿಂದ ಕರೆ ಮಾಡಿ, ರಸ್ತೆಯ ಆಚೆ ಹೋಗಿ ನಿಂತು ಮಾತಾಡಿದಳು. ದನಿ ನಿಚ್ಚಳವಾಗಿತ್ತು. ಅಂದರೆ ಫೋನಿನಲ್ಲಿ, ನೆಟ್‌ವರ್ಕಿನಲ್ಲಿ ತೊಂದರೆ ಇಲ್ಲ. ಬ್ಲೂಟೂತ್ ಹಚ್ಚಿ, ವಾಚಿನಲ್ಲಿ ಎತ್ತಿಸಿ ಮತ್ತೆ ಮಾತಾಡಿದಳು. ಈಗ ಇಬ್ಬರಿಗೂ ಸರಿಯಾಗಿ ಕೇಳಲಿಲ್ಲ. ಒಳಗೆ ಬಂದು ವಾಚನ್ನು ದೀಪದ ಕೆಳಗೆ ಹಿಡಿದು ತೋರಿಸಿದಳು. ಗುಂಡಿಯ ಕೆಳಗೆ ಸೂಜಿ ಮೊನೆಯಷ್ಟು ಒಂದು ತೂತು. ಅದೇ ಮೈಕು. ಅದರ ತುಂಬ ಹಿಟ್ಟು ಮೆತ್ತಿ ಒಣಗಿತ್ತು. ಇನ್ನೊಂದು ಬದಿಯ ಸ್ಪೀಕರಿನ ಸೀಳುಗಳೂ ಅರ್ಧ ಮುಚ್ಚಿದ್ದವು.

"ಪಿನ್ನಿಲೆ ಚುಚ್ಲೇನು?" ಎಂದಳು ಕೌಸಲ್ಯಾಬಾಯಿ.

"ಯಾ ಅಲ್ಲಾ, ಬ್ಯಾಡ್ರಿ! ಒಳಗ ತೆಳ್ಳನ ಪರದಾ ಇರ್ತದ, ಹರೀತದ. ನೀರೂ ಹಚ್ಬ್ಯಾಡ್ರಿ, ಹಿಟ್ಟು ಮತ್ತ ಒಳಗ ಇಳೀತದ. ಒಣಾ ಬ್ರಷ್ ಸಾಕು."

ತೂತು ಕೆಳಮುಖ ಮಾಡಿ ಹಿಡಿದು, ಮೆತ್ತನೆಯ ಬ್ರಷ್ಷಿನಿಂದ ಸಾವಕಾಶವಾಗಿ ಉಜ್ಜಿದಳು. ಬಿಳಿಪುಡಿ ಮೇಜಿನ ಮೇಲೆ ಉದುರಿತು. ಮತ್ತೆ ಕರೆ ಹಚ್ಚಿ, ಕರೆ ನಡೆಯುತ್ತಿರುವಾಗಲೇ ವಾಚಿನ ಪರದೆಯ ಮೇಲೆ ವಾಲ್ಯೂಮ್ ಏರಿಸಿದಳು. "ಫೋನಿಂದು ಬ್ಯಾರೆ, ಇದರದು ಬ್ಯಾರೆ. ಇದರದು ಅರ್ಧಕ್ಕ ಇತ್ತು. ಈಗ ಪೂರಾ ಮಾಡೀನಿ." ದನಿ ಅಂಗಡಿಯ ತುಂಬ ಮೊಳಗಿತು. ಕೌಸಲ್ಯಾಬಾಯಿ ಹಿಗ್ಗಿ ಎದ್ದು ನಿಂತಳು.

"ನಿಂದರ್ರಿ ಅಕ್ಕಾ, ಇನ್ನೊಂದು ಅದ. ವಾಚಿನ್ಯಾಗಿಂದ ಕಾಲ್ ಫೋನಿಗಿ ತರೋದು..."

"ಅದು ನಾಳಿ ಹೇಳವ್ವ. ಹಿಟ್ಟು ನಾದಿಟ್ಟು ಬಂದೀನಿ, ಗಟ್ಟಿ ಆಗ್ತದ."

ಆ ದಿನ ಸಂಜೆಯವರೆಗೆ ಬಂದ ಕರೆಗಳೆಲ್ಲ ಸ್ಪಷ್ಟವಾಗಿದ್ದವು. ಮರುದಿನ ಮಧ್ಯಾಹ್ನ ಮಾಯಾ ಕರೆ ಮಾಡಿದಾಗ ಮಾತ್ರ ದನಿ ಮತ್ತೆ ಅಷ್ಟೇ ಸಣ್ಣ. ಕೌಸಲ್ಯಾಬಾಯಿಗೆ ಬೇಸರವಾಯಿತು. ಮಗಳ ಫೋನೇ ಕೆಟ್ಟಿರಬೇಕೆಂದು ಸಂಜೆ ಗಂಡನಿಗೆ ಹೇಳಿದಳು.

"ನನಗ ಮುಂಜಾನೆ ಮಾಡಿದ್ಳು. ಚಲೋ ಕೇಳ್ತಲ್ಲ" ಎಂದ ಮಾಣಿಕ. "ಆದರ ಆಕಿ ಜಾಸ್ತಿ ಮಾತಾಡ್ಲಿಲ್ಲ" ಎಂದೂ ಸೇರಿಸಿದ.

ಕೌಸಲ್ಯಾಬಾಯಿ ಆ ಮಾತನ್ನು ಮನಸ್ಸಿಗೆ ತಂದುಕೊಳ್ಳಲಿಲ್ಲ. ಹಬ್ಬ ಹತ್ತಿರವಿತ್ತು, ಆರ್ಡರುಗಳು ಹೆಚ್ಚಿದ್ದವು.

ಆ ವಾರದ ಕೊನೆಗೆ ಮಾಯಾ ಬಿಡುವಿನ ಹೊತ್ತಿಗಿಂತ ಮುಂಚೆಯೇ ಕರೆ ಮಾಡಿದಳು. ಕೌಸಲ್ಯಾಬಾಯಿ ಎಂದಿನಂತೆ ವಾಚಿನಲ್ಲಿ ಎತ್ತಿದಳು.

"ಅವ್ವಾ, ಅದು ಬ್ಯಾಡ. ಫೋನ್ ಕಿವಿಗಿ ಹಚ್ಕೋ."

ಕೌಸಲ್ಯಾಬಾಯಿ ಎದ್ದು ಕೈ ಒರೆಸಿಕೊಂಡು, ಗೂಡಿನಲ್ಲಿದ್ದ ಫೋನನ್ನು ಎಡಗೈಯಲ್ಲಿ ಎತ್ತಿ ಕಿವಿಗೆ ಹಿಡಿದಳು. ವಾಚೂ ಎಡಗೈಯಲ್ಲೇ ಇತ್ತು. ಕರೆ ಇನ್ನೂ ವಾಚಿನಲ್ಲೇ ಉಳಿದಿದೆ ಎಂಬುದು ಅವಳಿಗೆ ತಿಳಿಯಲಿಲ್ಲ. ಫೋನ್ ಎತ್ತಿ ಕಿವಿಗೆ ಹಿಡಿದ ಮಾತ್ರಕ್ಕೆ ಕರೆ ಅದಕ್ಕೆ ಬರುವುದಿಲ್ಲ. ಮಣಿಕಟ್ಟು ಗಲ್ಲದ ಪಕ್ಕದಲ್ಲೇ ಇದ್ದುದರಿಂದ, ಬರುವ ದನಿ ಫೋನಿನದೇ ಎಂದುಕೊಂಡಳು.

"ಹಚ್ಕೊಂಡಿಯೇನವ್ವಾ?"

"ಹೂಂ, ಹೇಳು."

ಈಗ ತಾನು ತಾಯಿಯ ಕಿವಿಯೊಳಗೇ ಮಾತಾಡುತ್ತಿದ್ದೇನೆಂದು ನಂಬಿದ ಮಾಯಾ ದನಿ ತಗ್ಗಿಸಲಿಲ್ಲ. "ಅವ್ವಾ, ನನಗ ಎರಡು ತಿಂಗಳಾಗಿತ್ತು. ನಿನಗ ಹೇಳ್ಬೇಕಂತ ದಿನಾ ಮಾಡ್ತಿದ್ದೆ. ಅಲ್ಲಿ ಎಲ್ಲಾರೂ ಕೇಳ್ತಾರಂತ ಹೇಳ್ಲಿಲ್ಲ. ಅದು ನಿಲ್ಲಲಿಲ್ಲವ್ವಾ. ಸೋಮವಾರ ಹೋಯ್ತು. ದವಾಖಾನಿಗಿ ಹೋಗಿ ಬಂದೀವಿ. ಈಗ ಆರಾಮ ಇದ್ದೀನಿ. ಆದರ ಯಾರಿಗೂ ಹೇಳ್ಬ್ಯಾಡ."

ಕೌಸಲ್ಯಾಬಾಯಿ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಅವಳ ಬೆನ್ನ ಹಿಂದೆ ರೊಟ್ಟಿ ತಟ್ಟುವ ಸದ್ದು ಮೊದಲು ಒಂದು ಒಲೆಯಲ್ಲಿ, ಆಮೇಲೆ ಇನ್ನೊಂದರಲ್ಲಿ ನಿಂತಿತು. ಕೊನೆಗೆ ಒಂದೂ ಉಳಿಯಲಿಲ್ಲ. ಅವಳು ತಿರುಗಿ ನೋಡಿದಳು. ಹೆಂಗಸರೆಲ್ಲ ಕೈ ಹಲಗೆಯ ಮೇಲೆ ಬಿಟ್ಟು ಕೂತಿದ್ದರು. ಯಾರೂ ಅವಳನ್ನು ನೋಡುತ್ತಿರಲಿಲ್ಲ. ಭೀಮಬಾಯಿ ಸೆರಗಿನ ಅಂಚನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಆಗ ಅವಳಿಗೆ ತಿಳಿಯಿತು. ಫೋನನ್ನು ಗೂಡಿಗೆ ಎಸೆದು ಬಲ ಅಂಗೈಯಿಂದ ವಾಚನ್ನು ಗಟ್ಟಿಯಾಗಿ ಮುಚ್ಚಿದಳು. ಅಂಗೈಯ ಕೆಳಗಿನಿಂದ "ಅವ್ವಾ? ಅವ್ವಾ?" ಎಂಬ ದನಿ ಇನ್ನೂ ಬರುತ್ತಿತ್ತು. ಅವಳು ಹಾಗೇ ಕೈ ಒತ್ತಿಕೊಂಡು ಹಿತ್ತಿಲ ಬಾಗಿಲು ದಾಟಿ, ಗೋಡೆಯ ಆಚೆ ಹೋಗಿ, "ಇದ್ದೀನವ್ವ. ಇಲ್ಲೇ ಇದ್ದೀನಿ" ಎಂದಳು.

ಶೆಡ್ಡಿಗೆಲ್ಲ ಕೇಳಿಸಿತೆಂದು ಹೇಳಬೇಕೇ ಬೇಡವೇ? ಮುಚ್ಚಿಟ್ಟರೂ ಒಂದಲ್ಲ ಒಂದು ದಿನ ಯಾರಾದರೂ ಬಾಯಿ ಬಿಡುತ್ತಾರೆ. "ನಾಳಿ ಬರ್ತೇನಿ" ಎಂದಷ್ಟೇ ಹೇಳಿ ಕರೆ ಮುಗಿಸಿದಳು.

ಮರುದಿನ ಔರಾದಿಗೆ ಹೊರಟವಳು ಮೊದಲು ಆಯೆಶಾಳ ಅಂಗಡಿಗೆ ಹೋದಳು. ನಡೆದುದನ್ನು ಹೇಳಲಿಲ್ಲ. "ಅವತ್ತು ಏನೋ ಹೇಳ್ಬೇಕಂದಿದ್ದಿ. ಕಾಲ್ ಫೋನಿಗಿ ತರೋದು" ಎಂದಳು.

ಆಯೆಶಾ ಅವಳ ಮುಖ ನೋಡಿ ಕುರ್ಚಿ ಎಳೆದು ಕೊಟ್ಟಳು. ಕರೆ ಹಚ್ಚಿ, ವಾಚಿನಲ್ಲಿ ಎತ್ತಿಸಿ, ಫೋನಿನ ಪರದೆ ತೋರಿಸಿದಳು. "ಇಲ್ಲಿ ಸ್ಪೀಕರಿನ ಗುರುತು ಅದ ನೋಡ್ರಿ. ಒತ್ರಿ. ವಾಚ್ ಅಂತ, ಫೋನ್ ಅಂತ, ಸ್ಪೀಕರ್ ಅಂತ ಬರ್ತದ. ಫೋನ್ ಒತ್ರಿ. ಈಗ ಕಿವಿಗಿ ಹಿಡೀರಿ." ವಾಚು ಮೌನವಾಯಿತು. ಫೋನಿನೊಳಗಿಂದ ಆಯೆಶಾಳ ದನಿ ಬಂತು. "ಯಾವ ಕಾಲೂ ವಾಚಿಗಿ ಬ್ಯಾಡ ಅಂದ್ರ ಬ್ಲೂಟೂತ್ ಸೆಟ್ಟಿಂಗಿನ್ಯಾಗ ವಾಚಿನ ಹೆಸರಿನ ಮುಂದ ಒತ್ತಿ, ಫೋನ್ ಕಾಲ್ ಅನ್ನೋದು ಬಂದ್ ಮಾಡ್ರಿ. ಟೈಮ್ ತೋರಿಸ್ತದ, ಮಾತು ತಗೊಳ್ಳೋದಿಲ್ಲ."

"ಬಂದ್ ಮಾಡಿದ್ರ ಆರ್ಡರ್ ಹ್ಯಾಂಗ ತಗೋಲಿ? ಈ ಸ್ಪೀಕರ್ ಗುರುತೇ ಸಾಕು" ಎಂದು ಕೌಸಲ್ಯಾಬಾಯಿ ತಾನೇ ಮತ್ತೆ ಮತ್ತೆ ಮಾಡಿ ನೋಡಿದಳು.

ಕಮಲನಗರದಲ್ಲಿ ಬಸ್ಸು ಬದಲಿಸಿ ಔರಾದು ಮುಟ್ಟುವ ಹೊತ್ತಿಗೆ ಬಿಸಿಲು ಏರಿತ್ತು. ಮಾಯಾ ರಜೆ ಹಾಕಿ ಮನೆಯಲ್ಲಿದ್ದಳು. ಮುಖ ಸಣ್ಣದಾಗಿತ್ತು. ಕೈಲಾಶ ಚಹಾ ಮಾಡಿ ತಂದಿಟ್ಟು, "ನೀವು ಮಾತಾಡ್ರಿ" ಎಂದು ಹೊರಗೆ ಹೋದ. ಕೌಸಲ್ಯಾಬಾಯಿ ಚಹಾ ಮುಟ್ಟದೆ ಎಲ್ಲವನ್ನೂ ಹೇಳಿದಳು: ನಿನ್ನೆಯ ಮಾತು ಎಲ್ಲರಿಗೂ ಕೇಳಿಸಿತು, ತನಗೆ ತಿಳಿಯಲಿಲ್ಲ ಎಂದು.

ಮಾಯಾ ಚಹಾದ ಲೋಟವನ್ನು ತಾಯಿಯ ಕಡೆಗೆ ಸರಿಸಿದಳು. ಆಮೇಲೆ, "ಭೀಮಬಾಯಿ ಆಯಿನೂ ಇದ್ಳಾ?" ಎಂದಳು.

"ಇದ್ಳು."

"ಆಕಿ ದಿನಾ ಪೇಡೆ ಕೇಳ್ತಿದ್ಳಲ್ಲ ಅವ್ವಾ, ಅದಕ್ಕೇ ನಾ ಸಣ್ಣಗ ಮಾತಾಡ್ತಿದ್ದೆ. ಎಲ್ಲಿ ಕೇಳಿಬಿಡ್ತಾಳೋ ಅಂತ. ಮೊದಲ ಸುದ್ದಿ ನಿನಗೊಬ್ಬಾಕಿಗಿ ಹೇಳ್ಬೇಕಂತಿತ್ತು." ಅಷ್ಟು ಹೇಳಿ ಅತ್ತಳು. ಕೌಸಲ್ಯಾಬಾಯಿ ಅವಳ ತಲೆಯನ್ನು ತೊಡೆಗೆ ಎಳೆದುಕೊಂಡಳು. ತಾನು ವಾಚನ್ನು ರಿಪೇರಿ ಮಾಡಿಸಲು ಓಡಾಡಿದಷ್ಟು ಹೊತ್ತು, ಈ ಹುಡುಗಿ ಸಣ್ಣ ದನಿಯಲ್ಲಿ ತಾಯಿಯನ್ನು ಹತ್ತಿರಕ್ಕೆ ಕರೆಯುತ್ತಿದ್ದಳು. ತಾನೋ ಪ್ರತಿ ಸಲ ಜೋರಾಗಿ ಹೇಳು ಎಂದಿದ್ದಳು.

ಎರಡು ದಿನ ಮಗಳ ಜೊತೆ ಇದ್ದು ಬಂದಳು. ಶೆಡ್ಡಿನಲ್ಲಿ ಯಾರೂ ಏನೂ ಕೇಳಲಿಲ್ಲ. ಭೀಮಬಾಯಿ ಈಗ ತಲೆ ಬಗ್ಗಿಸಿ ರೊಟ್ಟಿ ತಟ್ಟುತ್ತಿದ್ದಳು. ಒಂದು ಮಧ್ಯಾಹ್ನ ಮಾಯಾಳ ಕರೆ ಬಂತು. ಕೌಸಲ್ಯಾಬಾಯಿ ವಾಚಿನಲ್ಲಿ ಎತ್ತಿ, "ತಡಿಯವ್ವ, ಫೋನಿಗಿ ತಗೋತೇನಿ" ಎಂದಳು. ಕೈ ತೊಳೆದು ಒರೆಸಿ, ಗುರುತು ಒತ್ತಿ, ಕಿವಿಗೆ ಹಿಡಿದು ಹೊರಟಳು. ಭೀಮಬಾಯಿ ಎದ್ದು ದಾರಿಗೆ ಅಡ್ಡ ಬಂದಳು.

"ನಾ ಆಕಿ ಜೋಡಿ ಮಾತಾಡ್ಲೇನವ್ವ? ಆಕಿಗಿ ಕೇಳು. ಬ್ಯಾಡಂದ್ರ ಬಿಡ್ತೇನಿ."

ಕೌಸಲ್ಯಾಬಾಯಿ ಕೇಳಿದಳು. ಮಾಯಾ "ಕೊಡು" ಎಂದಳು.

ಭೀಮಬಾಯಿ ಫೋನ್ ತೆಗೆದುಕೊಳ್ಳುವ ಮುಂಚೆ ಬಾಗಿ ಕೌಸಲ್ಯಾಬಾಯಿಯ ಮಣಿಕಟ್ಟಿಗೆ ತನ್ನ ಕಿವಿ ಹಚ್ಚಿ ನೋಡಿದಳು. ಅದರಿಂದ ಯಾವ ದನಿಯೂ ಬರುತ್ತಿರಲಿಲ್ಲ. ಆಮೇಲೆ ಫೋನ್ ಹಿಡಿದು ಗೋಡೆಯ ಆಚೆ ಹೋದಳು. ಬಹಳ ಹೊತ್ತು ಬರಲಿಲ್ಲ. ಏನು ಮಾತಾಡಿದರೋ ಕೌಸಲ್ಯಾಬಾಯಿಗೆ ಇಂದಿಗೂ ಗೊತ್ತಿಲ್ಲ. ಇಬ್ಬರನ್ನೂ ಅವಳು ಕೇಳಲಿಲ್ಲ. ಭೀಮಬಾಯಿ ಕಣ್ಣು ಒರೆಸಿಕೊಂಡು ಬಂದು, ಫೋನ್ ಗೂಡಿನಲ್ಲಿಟ್ಟು, ತನ್ನ ಒಲೆಯ ಮುಂದೆ ಕೂತು ಹಿಟ್ಟು ಮುಟ್ಟಿ ನೋಡಿದಳು.

"ಬಿರುಸಾಗ್ಯದ. ಜರಾ ಬಿಸಿನೀರು ಕೊಡವ್ವ" ಎಂದಳು.